ಚೆಕ್ ಟ್ಯಾಲಿ ಆಯ್ತು, ಆದ್ರೂ ಆರ್‌ಎಲ್ ತಪ್ಪು ಅಂತಾರೆ: ಫೀಲ್ಡ್ ಬುಕ್ ಫೋಟೋದಿಂದ ಲೆವೆಲ್ ಲೆಕ್ಕ

ಹೊಸ ಸೈಟ್ ಇಂಜಿನಿಯರ್: ಸರ್, ಬುಕ್ ನನ್ನ ಹತ್ರ ಇಲ್ಲ, ಪೇಜಿನ ಫೋಟೋ ಮಾತ್ರ ಇದೆ, ಹಾಕಿದೀನಿ. ಬಿಎಂ 100.000, ಬಿಎಸ್ 1.425. ಎ ಐಎಸ್ 1.860, ಬಿ ಐಎಸ್ 1.105. ಸಿ ಚೇಂಜ್ ಪಾಯಿಂಟ್, ಎಫ್‌ಎಸ್ 0.690, ಬಿಎಸ್ 2.315. ಡಿ ಐಎಸ್ 1.570, ಇ ಎಫ್‌ಎಸ್ 1.240. ನಂಗೆ ಬಂದ ಆರ್‌ಎಲ್ ಎ 99.565, ಬಿ 100.230, ಸಿ 100.735, ಡಿ 101.480, ಇ 101.810. ಚೆಕ್ ಟ್ಯಾಲಿ ಆಯ್ತು, ಆದ್ರೂ ಸೀನಿಯರ್ ತಪ್ಪಿದೆ ಅಂತ ವಾಪಸ್ ಕಳಿಸಿದ್ರು. ಎಲ್ಲಿ?

ಸರ್ವೇಯರ್: ಬಿ ನಲ್ಲಿ. ಬಿಎಂಗೆ ಬಿಎಸ್ ಕೂಡಿಸಿದ್ರೆ ಎಚ್‌ಐ 101.425, ಅದರಲ್ಲಿ 1.105 ಕಳೆದ್ರೆ 100.320, ನೀವು ಅಂಕಿ ಅದಲು ಬದಲು ಮಾಡಿದೀರಿ. ಚೆಕ್ ಯಾಕೆ ಹಿಡೀಲಿಲ್ಲ ಅನ್ನೋದು ಮುಖ್ಯ. ನೀವು ಮಾಡಿದ್ದು ಬಿಎಸ್ ಮೊತ್ತ 3.740, ಎಫ್‌ಎಸ್ ಮೊತ್ತ 1.930, ವ್ಯತ್ಯಾಸ 1.810, ಕೊನೆ ಆರ್‌ಎಲ್‌ನಿಂದ ಮೊದಲ್ದು ಕಳೆದ್ರೂ 1.810. ಇದರಲ್ಲಿ ಐಎಸ್ ಎಲ್ಲೂ ಬರಲ್ಲ. ಮುಂದಿನ ಎಚ್‌ಐ ಹುಟ್ಟೋದು ಚೇಂಜ್ ಪಾಯಿಂಟಿಂದ, ಮಧ್ಯದ ಪಾಯಿಂಟ್‌ಗಳು ಆ ಸರಪಳಿಯ ಹೊರಗೆ ನೇತಾಡ್ತಿರ್ತವೆ, ಅಲ್ಲಿ ಏನು ತಪ್ಪಿದ್ರೂ ಕೊನೆಗೆ ಗೊತ್ತಾಗಲ್ಲ.

ಕಾಲಿಮೇಶನ್ ಮೆಥಡ್‌ಗೆ ಇನ್ನೊಂದು ಚೆಕ್ ಇದೆ, ಜನ ಬಿಟ್ಟುಬಿಡ್ತಾರೆ. ಪ್ರತಿ ಎಚ್‌ಐಯನ್ನ ಅದರಿಂದ ಎಷ್ಟು ಐಎಸ್, ಎಫ್‌ಎಸ್ ತಗೊಂಡ್ರೋ ಅಷ್ಟರಿಂದ ಗುಣಿಸಿ. 101.425 ಮೂರು ಸಲ 304.275, 103.050 ಎರಡು ಸಲ 206.100, ಒಟ್ಟು 510.375. ಅದರಲ್ಲಿ ಐಎಸ್ ಮೊತ್ತ 4.535, ಎಫ್‌ಎಸ್ ಮೊತ್ತ 1.930 ಕಳೆದ್ರೆ 503.910. ಮೊದಲ ಬಿಎಂ ಬಿಟ್ಟು ಉಳಿದ ಆರ್‌ಎಲ್‌ಗಳ ಮೊತ್ತ ಇಷ್ಟೇ ಬರಬೇಕು, ನಿಮ್ದು 503.820. ವ್ಯತ್ಯಾಸ 0.090, ಒಂಬತ್ತರಿಂದ ಭಾಗ ಹೋಗತ್ತೆ. ಹಾಗೆ ಬಂದ್ರೆ ಮೊದಲು ಅದಲು ಬದಲಾದ ಅಂಕಿ ಹುಡುಕಿ.

ಡಿಪ್ಲೊಮಾ ವಿದ್ಯಾರ್ಥಿ: ಸರ್ ಮೊದಲ್ನೇ ಚೆಕ್‌ನಲ್ಲಿ ಐಎಸ್ ಸೇರಿಸ್ಬೇಕಾ?

ಸರ್ವೇಯರ್: ಬೇಡ.

ಹಳೇ ಗುತ್ತಿಗೆದಾರ: ಇದಕ್ಕೇ ನಾವು ರೈಸ್ ಅಂಡ್ ಫಾಲ್ ಮಾಡೋದು, ಅದರಲ್ಲಿ ಎಲ್ಲಾ ತಪ್ಪೂ ಸಿಕ್ಕಿಬೀಳತ್ತೆ.

ಸರ್ವೇಯರ್: ಲೆಕ್ಕದ ತಪ್ಪು ಸಿಗತ್ತೆ, ಸರಿ. ಫೋಟೋದಲ್ಲಿ 1.105ನ 1.165 ಅಂತ ಓದಿದ್ರೆ ಸಿಗಲ್ಲ. ಒಂದು ಸಾಲಲ್ಲಿ ರೈಸ್ ಎಷ್ಟು ಕಡಿಮೆ ಆಯ್ತೋ ಮುಂದಿನ ಸಾಲಲ್ಲಿ ಅಷ್ಟೇ ಜಾಸ್ತಿ ಆಗಿ ವಾಪಸ್ ಬಂದುಬಿಡತ್ತೆ.

ಹಳೇ ಗುತ್ತಿಗೆದಾರ: ಇಷ್ಟು ವರ್ಷದಲ್ಲಿ ನಮಗೆ ಯಾವತ್ತೂ ಹಾಗಾಗಿಲ್ಲ.

ಇನ್ನೊಬ್ಬ ಸದಸ್ಯ: ಆಗಿದ್ರೆ ನಿಮ್ಗೆ ಗೊತ್ತಾಗ್ತಿರ್ಲಿಲ್ಲ ಅಣ್ಣ, ಅವರು ಹೇಳ್ತಿರೋದೇ ಅದು!

ಹಳೇ ಗುತ್ತಿಗೆದಾರ: ನೀವು ಎಷ್ಟು ಲೆವೆಲಿಂಗ್ ಮಾಡಿದೀರಿ ಮೊದ್ಲು ಹೇಳಿ.

ಮೇಲ್ವಿಚಾರಕ: ಬೇರೆ ಗ್ರೂಪಲ್ಲಿ ಫಾರ್ವರ್ಡ್ ಬಂದಿತ್ತು: "ಚೆಕ್ ಟ್ಯಾಲಿ ಆಗದಿದ್ರೆ ವ್ಯತ್ಯಾಸನ ಎಲ್ಲಾ ಎಫ್‌ಎಸ್‌ಗೂ ಸಮನಾಗಿ ಹಂಚಿ." ಟ್ರೈ ಮಾಡಿ.

ಸರ್ವೇಯರ್: ದಯವಿಟ್ಟು ಯಾರೂ ಮಾಡ್ಬೇಡಿ. ಅರಿತ್ಮೆಟಿಕ್ ಚೆಕ್‌ನಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ ಬಂದ್ರೂ ಅದು ಲೆಕ್ಕದ ತಪ್ಪು, ಹುಡುಕಿ ತೆಗೀಬೇಕು. ಹಂಚೋದು ಗೊತ್ತಿರೋ ಬಿಎಂ ಮೇಲೆ ಕ್ಲೋಸ್ ಮಾಡಿದಾಗ ಬರೋ ವ್ಯತ್ಯಾಸನ, ಅದೂ ಮಿತಿ ಒಳಗಿದ್ರೆ. ಎರಡೂ ಒಂದೇ ಅಲ್ಲ. ಇಂಥ ಫಾರ್ವರ್ಡ್ ಇಲ್ಲಿ ತರಬೇಡಿ.

ಮೇಲಿನ ಫೋಟೋ ಕೇಸಿಗೆ ಬರ್ತೀನಿ, ನಂಗೆ ಆ ಬಿ ಗಿಂತ ಚಿಂತೆ ಇರೋದು ಸಿ ಸಾಲಿನದು. ಮಡಿಕೆ ಬಿದ್ದಿರೋ ಜಾಗದಲ್ಲಿ 2.315 ಇದೆಯೋ 2.375 ಇದೆಯೋ ನಂಗೆ ಖಚಿತ ಇಲ್ಲ. 2.375 ಹಾಕಿ ನೋಡಿ: ಎಚ್‌ಐ 103.110, ಇ 101.870, ಬಿಎಸ್ ಮೊತ್ತ 3.800, ವ್ಯತ್ಯಾಸ 1.870, ಕೊನೆಯಿಂದ ಮೊದಲ್ದು ಕಳೆದ್ರೂ 1.870. ನೀಟಾಗಿ ಟ್ಯಾಲಿ! ಎರಡನೇ ಚೆಕ್ಕೂ ಪಾಸ್, ಯಾಕಂದ್ರೆ ತಪ್ಪು ಓದಿದ ಅಂಕಿನೇ ಎರಡೂ ಕಡೆ ಹೋಗತ್ತೆ. ನಿಮ್ಮ ಲೈನ್ ಯಾವ ಬಿಎಂಗೂ ಕ್ಲೋಸ್ ಆಗಿಲ್ಲ, ಹಾಗಾಗಿ ಹೊರಗಿಂದ ಹಿಡಿಯೋರು ಯಾರೂ ಇಲ್ಲ. ಪೇಜಿನ ಕೆಳಗೆ ಬುಕ್ ಬರೆದವರು ಮೊತ್ತ ಹಾಕಿರ್ತಾರೆ, ನಿಮ್ಮ ಫೋಟೋದಲ್ಲಿ ಅದು ಕಟ್ ಆಗಿದೆ. ಆ ಭಾಗ ತರಿಸಿ.

ಬ್ರಿಡ್ಜ್ ಸೈಟ್: ಸರ್ ನಂದು ಸ್ಲ್ಯಾಬ್ ತಳದ ಲೆವೆಲ್, ಸ್ಟಾಫ್ ಉಲ್ಟಾ ಹಿಡಿದಿದ್ವಿ, ಆರ್‌ಎಲ್ ನೆಲಕ್ಕಿಂತ ಕೆಳಗೆ ಬರ್ತಿದೆ.

ಸರ್ವೇಯರ್: ಆ ರೀಡಿಂಗ್ ಮೈನಸ್. ಎಚ್‌ಐಗೆ ಕೂಡಿಸಿ. ಮೊತ್ತ ಹಾಕುವಾಗಲೂ ಮೈನಸ್ಸೇ.

ಡಿಪ್ಲೊಮಾ ವಿದ್ಯಾರ್ಥಿ: ಸರ್ ಎರಡನೇ ಚೆಕ್‌ನಲ್ಲಿ ಐಎಸ್ ಬೇಕಾ?

ಸರ್ವೇಯರ್: ಮೇಲೆ ಬರೆದಿದೀನಿ, ಓದಿ.

ಮೇಲ್ವಿಚಾರಕ: ಸ್ವಲ್ಪ ಮರ್ಯಾದೆಯಾಗಿ ಹೇಳಬಹುದಲ್ಲ. ಫಾರ್ವರ್ಡ್ ಹಾಕಿದ್ದು ಒಳ್ಳೇದಕ್ಕೇ.

ಡಂಪಿ ಲೆವೆಲ್ ಇಟ್ಟವರು: ಆಟೋ ಲೆವೆಲ್‌ನಲ್ಲಿ ಬಬಲ್ ಸ್ವಲ್ಪ ಹೊರಗಿದ್ರೆ ನಡಿಯತ್ತಾ?

ಹೊಸ ಸೈಟ್ ಇಂಜಿನಿಯರ್: ಸರ್, ಪೇಜಿನ ಕೆಳಭಾಗ ಸಿಕ್ತು. ಬಿಎಸ್ ಮೊತ್ತ 3.740, ಎಫ್‌ಎಸ್ ಮೊತ್ತ 1.930 ಅಂತ ಬರೆದಿದಾರೆ.

ಸರ್ವೇಯರ್: ಹಾಗಾದ್ರೆ 2.315 ಸರಿ. ಇನ್ನು ಡಿ ಉಳೀತು, ಆ 1.570ರಲ್ಲಿ 7 ನಂಗೆ 1 ಥರಾನೂ ಕಾಣ್ತಿದೆ. ಐಎಸ್ ಕಾಲಂಗೆ ಅವರು ಮೊತ್ತ ಹಾಕಿಲ್ಲ, ಹಾಗಾಗಿ ಡಿ ಆರ್‌ಎಲ್ 101.480ಓ 101.540ಓ ಅಂತ ಈ ಫೋಟೋ ನೋಡಿ ನಾನು ಹೇಳಲ್ಲ. ಮೂಲ ಬುಕ್ ನೋಡಿ, ಇಲ್ಲಾ ಡಿ ಮೇಲೆ ಇನ್ನೊಂದ್ಸಲ ಸ್ಟಾಫ್ ಇಡಿಸಿ. ಅಲ್ಲೀವರೆಗೂ ಆ ಸಾಲನ್ನ ಡ್ರಾಯಿಂಗ್‌ಗೆ ಹಾಕ್ಬೇಡಿ.