ಅಪ್‌ಡೇಟ್: ಗೆರೆಗಳನ್ನೇ ತಲೆಕೆಳಗಾಗಿ ಬರೆದಿದ್ದೆ

ನಾನು ಕೇಳಿದ್ದು: "ನನ್ನ ಹುಡುಗನ ಜೊತೆಗಿನ ಎರಡು ವರ್ಷದ ಒಡನಾಟ ಇನ್ನೂ ಗಾಢವಾಗುತ್ತದೆಯೇ ಎಂದು ಚೀನಾದ ಹಳೆಯ ಶಕುನಗ್ರಂಥ 'ಈ ಚಿಂಗ್' ನೋಡಿದೆ. ಅದರ ಆರು ಗೆರೆಗಳ ಚಿತ್ರಗಳಲ್ಲಿ 32ನೇ ಹೆಕ್ಸಾಗ್ರಾಮ್ ಬಂತು, ಎರಡು ಗೆರೆ ಬದಲಾಗಿ 48 ಆಯಿತು. ಯಾವುದನ್ನು ಓದಬೇಕು?"

ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಬರೆದಿರಾ ಎಂದು ಒಬ್ಬರು ವಿಚಾರಿಸಿದ್ದರು. ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಗೀಚಿದ್ದನ್ನು ಹುಡುಕಿ ತೆಗೆದೆ. ಗೆರೆಗೊಂದರಂತೆ ಆರು ಎಸೆತಕ್ಕೆ ಬಂದ ಅಂಕಿಗಳು ಕ್ರಮವಾಗಿ: 8, 6, 9, 7, 7, 8. ಮೊದಲ ಎಸೆತವೇ ಎಲ್ಲಕ್ಕಿಂತ ಮೇಲೆ ಕುಳಿತಿತ್ತು! ಸರಿಯಾಗಿ ಕೆಳಗಿನಿಂದ ಜೋಡಿಸಿದರೆ ಅದು 31: ಪರ್ವತದ ಮೇಲೆ ಸರೋವರ, ಪರಸ್ಪರ ಸೆಳೆತ. 32ರ 'ಸ್ಥಿರತೆ'ಯನ್ನು ನೆಚ್ಚಿ ಮೂರು ದಿನ ಹಿಗ್ಗಿದ್ದು ದಂಡವಾಯಿತು.

ಬದಲಾಗುವುದು 6 ಮತ್ತು 9, ಅಂದರೆ ಎರಡನೆಯ ಮತ್ತು ಮೂರನೆಯ ಗೆರೆಗಳು. ಅವು ಮಗುಚಿದರೆ 47, 'ಬಳಲಿಕೆ'. ನೋಡಿ ಎದೆ ಧಸಕ್ಕೆಂದಿತು. ಆದರೆ 12ನೇ ಶತಮಾನದ ಚೀನೀ ತತ್ವಜ್ಞಾನಿ ಝೂ ಶಿ ಹಾಕಿಕೊಟ್ಟ ಕ್ರಮದಲ್ಲಿ, ಎರಡು ಗೆರೆ ಬದಲಾದಾಗ ಮೊದಲ ಹೆಕ್ಸಾಗ್ರಾಮಿನ ಆ ಎರಡು ಗೆರೆಗಳನ್ನೇ ಓದಬೇಕು. ಮೇಲಿನದಕ್ಕೆ ಹೆಚ್ಚು ತೂಕ. ಎರಡನೆಯದು ಮೀನಖಂಡದ ಸೆಳೆತ: ಹೊರಟರೆ ಕೇಡು, ನಿಂತರೆ ಒಳಿತು. ಮೂರನೆಯದು ತೊಡೆಯದು: ಬೆನ್ನು ಹತ್ತಿ ಹೋದರೆ ನಾಚಿಕೆಗೇಡು.

ಸೆಳೆತವಂತೂ ಇದೆ, ಕಾಲು ಮಾತ್ರ ಅವಸರ ಮಾಡುತ್ತಿದೆ ಎಂದು ಓದಿಕೊಂಡೆ. 47 ತೀರ್ಪಲ್ಲ, ಹಟ ಹಿಡಿದು ನುಗ್ಗಿದರೆ ತಲುಪುವ ಜಾಗ. 'ಮನೆಯವರೊಂದಿಗೆ ಯಾವಾಗ ಮಾತನಾಡುತ್ತೀಯ?' ಎಂದು ಬರೆದಿಟ್ಟ ಸಂದೇಶವನ್ನು ಅವನಿಗೆ ಇನ್ನೂ ಕಳುಹಿಸಿಲ್ಲ.