ಪದ ಬೇಕು: 'ತಿರಸ್ಕಾರ ಮತ'ವೋ 'ನೋಟಾ'ವೋ?

ಅರೆಕರಡು:
ಗೆಳೆಯರೇ, ಸಂಜೆಯೊಳಗೆ ಬೇಕಿತ್ತು. ವಿಧಾನಸಭೆ ಚುನಾವಣೆಗೆ ಮತದಾರರ ಜಾಗೃತಿಯ 64 ಪುಟದ ಕೈಪಿಡಿಯನ್ನು 90 ಸೆಕೆಂಡಿನ ಧ್ವನಿಮುದ್ರಣಕ್ಕೆ ಇಳಿಸುತ್ತಿದ್ದೇನೆ. 150 ಪದ ಹಿಡಿದರೆ ಹೆಚ್ಚು. ಯಾವ ಪಕ್ಷದ ಕಡೆಗೂ ವಾಲಬಾರದು ಎಂದು ಹೇಳಿದ್ದಾರೆ. ಕೈಪಿಡಿಯ ಸಾಲು ಇದು: "ಯಾರೂ ಯೋಗ್ಯರಲ್ಲ ಎನಿಸಿದರೆ ತಿರಸ್ಕಾರ ಮತ ಹಾಕಿ, ಅವರನ್ನು ತಿರಸ್ಕರಿಸಿ." 'ತಿರಸ್ಕಾರ ಮತ' ಉಳಿಸಲೇ, 'ನೋಟಾ' ಎನ್ನಲೇ? ಕೊನೆಗೆ "ಬದಲಾವಣೆಗಾಗಿ ಕೈಜೋಡಿಸಿ" ಅಂತ ಮುಗಿಸಿದ್ದೇನೆ. ಅದು ಸರಿ ಅಲ್ವಾ?

ಬೇರುಬಳ್ಳಿ:
ಎರಡೂ ಬೇಡ. ಒಂದು ಸಂಸ್ಕೃತ, ಇನ್ನೊಂದು ಇಂಗ್ಲಿಷಿನ ನಾಲ್ಕು ಅಕ್ಷರ. ನಮ್ಮಲ್ಲಿ 'ಒಲ್ಲೆ' ಇಲ್ಲವೇ? 'ಒಲ್ಲೆಗುಂಡಿ' ಎನ್ನಿ. ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ.

ಎಣಿಕೆಮೇಜು:
ಅಜ್ಜಿ ಯಂತ್ರದ ಮುಂದೆ ನಿಂತಾಗ ಒಲ್ಲೆಗುಂಡಿ ಎಲ್ಲಿ ಅಂತ ಹುಡುಕಬೇಕಾ? ಅಲ್ಲಿ ಕಾಣುವ ಹೆಸರನ್ನೇ ಹೇಳಬೇಕು. ನೋಟಾ.

'ತಿರಸ್ಕಾರ ಮತ' ಬೇಡವೇ ಬೇಡ. ಎಣಿಕೆಯಲ್ಲಿ 'ತಿರಸ್ಕೃತ ಮತ' ಅಂದರೆ ಬೇರೆಯೇ. ಗುರುತು ಹಾಕದ ಅಂಚೆ ಮತಪತ್ರ, ಇಬ್ಬರಿಗೆ ಗುರುತು ಹಾಕಿದ್ದು, ಇಂಥವು ಕ್ರಮಬದ್ಧವಲ್ಲ ಎಂದು ಪಕ್ಕಕ್ಕೆ ಹೋಗುತ್ತವೆ. ನೋಟಾ ಹಾಗಲ್ಲ, ಅದನ್ನು ಎಣಿಸಿ ಬೇರೆಯಾಗಿ ಘೋಷಿಸುತ್ತಾರೆ. ಎರಡು ಪದ ಇಷ್ಟು ಹತ್ತಿರ ಕೇಳಿಸಿದರೆ, ತನ್ನ ಮತ ರದ್ದಿಗೆ ಹೋಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ.

ಇನ್ನು "ಅವರನ್ನು ತಿರಸ್ಕರಿಸಿ" ಎಂಬುದು ಸುಳ್ಳು. ನೋಟಾಗೆ 600 ಮತ, ಒಬ್ಬ ಅಭ್ಯರ್ಥಿಗೆ 250, ಇನ್ನೊಬ್ಬರಿಗೆ 150 ಬಂದವು ಅನ್ನಿ. 250 ಪಡೆದವರೇ ಗೆದ್ದರು. ಯಾರೂ ತಿರಸ್ಕೃತರಾಗಲಿಲ್ಲ.

ದಾರಿಹೋಕ:
ತಪ್ಪು. ನೋಟಾ ಮುಂದಿದ್ದರೆ ಮರುಚುನಾವಣೆ. ಹರಿಯಾಣದಲ್ಲಿ ನಿಯಮವೇ ಇದೆ.

ಎಣಿಕೆಮೇಜು:
ಅರ್ಧ ಸರಿ. 2018ರಲ್ಲಿ ಅಲ್ಲಿನ ರಾಜ್ಯ ಚುನಾವಣಾ ಆಯೋಗ ಹಾಗೆ ಮಾಡಿದ್ದು ಸ್ಥಳೀಯ ಸಂಸ್ಥೆಗಳಿಗೆ. ಮಹಾರಾಷ್ಟ್ರವೂ ಅದೇ ವರ್ಷ ಮಾಡಿತು. ಇವರು ಕೇಳಿದ್ದು ವಿಧಾನಸಭೆ. ಅದನ್ನು ನಡೆಸುವುದು ಭಾರತ ಚುನಾವಣಾ ಆಯೋಗ, ಅಲ್ಲಿ ಆ ನಿಯಮ ಇಲ್ಲ. 2013ರ ಸೆಪ್ಟೆಂಬರ್ 27ರ ಸುಪ್ರೀಂ ಕೋರ್ಟ್ ತೀರ್ಪು ಗುಂಡಿ ಕೊಡಿ ಎಂದಿತು, ಮತ ಗುಟ್ಟಾಗಿರಲಿ ಎಂದಿತು. ಅಷ್ಟೇ.

ಮಡಿಚಿದಹಾಳೆ:
ನನಗೆ ಕಳೆದ ಸಲ ಮತ ಹಾಕಲು ಬಿಡಲೇ ಇಲ್ಲ. ಗುರುತಿನ ಚೀಟಿ ಕೈಯಲ್ಲಿತ್ತು, ಪಟ್ಟಿಯಲ್ಲಿ ಹೆಸರಿರಲಿಲ್ಲ. ಒಲ್ಲೆ, ನೋಟಾ ಎಲ್ಲ ಆಮೇಲೆ, ಮೊದಲು ಇದಕ್ಕೊಂದು ಪದ ಹೇಳಿ.

ಅರೆಕರಡು:
ಅಯ್ಯೋ, ಕೈಪಿಡಿಯಲ್ಲಿ "ಚೀಟಿ ಇದ್ದರೆ ಮತ ನಿಮ್ಮದು" ಅಂತಿದೆ! ನಾನು ಅದನ್ನೇ ಇಳಿಸಿಕೊಂಡಿದ್ದೆ. "ಪಟ್ಟಿಯಲ್ಲಿ ಹೆಸರಿರಬೇಕು. ಚೀಟಿ ನಿಮ್ಮ ಗುರುತಿಗೆ ಮಾತ್ರ" ಅಂತ ತಿದ್ದುತ್ತೇನೆ.

ಹಳೆಸುದ್ದಿ:
ಕೊನೆಯ ಸಾಲು ಯಾರೂ ನೋಡಲಿಲ್ಲವೇ? 'ಬದಲಾವಣೆ' ಅಂದರೆ ಈಗಿರುವವರು ಹೋಗಲಿ ಅಂತ. 'ಸ್ಥಿರತೆ' ಅಂದಿದ್ದರೆ ಇರಲಿ ಅಂತ ಆಗುತ್ತಿತ್ತು. ಇನ್ನು 'ಕೈ'. ಪತ್ರಿಕೆಯ ತಲೆಬರಹದಲ್ಲಿ ಕೈ ಅಂದರೆ ಕಾಂಗ್ರೆಸ್, ಕಮಲ ಅಂದರೆ ಬಿಜೆಪಿ, ತೆನೆ ಅಂದರೆ ಜೆಡಿಎಸ್. ಬೇರೆ ದಿನ 'ಕೈಜೋಡಿಸಿ' ಬರೀ ನುಡಿಗಟ್ಟು. ಚುನಾವಣೆಯಲ್ಲಿ ಅದು ಚಿಹ್ನೆ. 'ಮೊಗ ಕಮಲದಂತೆ ಅರಳಲಿ', 'ಹೊಲಸು ಗುಡಿಸಿ ಹಾಕಿ', 'ತೆನೆ ತುಂಬಲಿ', ಯಾವುದೂ ಬೇಡ. ಬರೆದ ಮೇಲೆ ಚಿಹ್ನೆಗಳ ಪಟ್ಟಿ ಪಕ್ಕಕ್ಕಿಟ್ಟುಕೊಂಡು ಒಮ್ಮೆ ಗಟ್ಟಿಯಾಗಿ ಓದಿ. ಕಣ್ಣಿಗಿಂತ ಕಿವಿಗೆ ಬೇಗ ಸಿಕ್ಕಿಬೀಳುತ್ತದೆ.

ಬೇರುಬಳ್ಳಿ:
ಹಾಗಾದರೆ 'ಮತದಾನ'ವನ್ನೂ ಬಿಡಿ. ಹಕ್ಕನ್ನು ದಾನ ಮಾಡುತ್ತಾರಾ? 'ಮತ' ಅಂದರೆ ಧರ್ಮವೂ ಹೌದು. "ಮತ ನೋಡಿ ಮತ ಹಾಕಬೇಡಿ" ಅಂತ ಹೇಳಿ ನೋಡಿ, ನಗುತ್ತಾರೆ.

ಹಳೆಸುದ್ದಿ:
ಓಟು ಎನ್ನಿ, ಮುಗಿಯಿತು. ಅದರ ಲ್ಯಾಟಿನ್ ಮೂಲಕ್ಕೆ ಹರಕೆ ಅಂತ ಅರ್ಥ. ದಾನಕ್ಕಿಂತ ಹರಕೆ ಮೇಲು!

ಬೇರುಬಳ್ಳಿ:
ಎರವಲು ತಂದು ಅದರ ಹುಟ್ಟೂರಿನ ಕಥೆ ಹೇಳುವ ಚಟ ಯಾವಾಗ ಬಿಡುತ್ತೀರಿ?

ಎಣಿಕೆಮೇಜು:
ನಿಮ್ಮ 'ಗುಂಡಿ'ಗೆ ಹಳ್ಳ ಅಂತಲೂ ಅರ್ಥ ಇದೆ. ಸುಮ್ನೆ ಬಿಡಿ.

ಅರೆಕರಡು:
ಹೀಗೆ ಕಳಿಸುತ್ತಿದ್ದೇನೆ: "ಅಭ್ಯರ್ಥಿಗಳಲ್ಲಿ ಯಾರಿಗೂ ಮತ ಹಾಕಲು ಇಷ್ಟವಿಲ್ಲದವರಿಗೆ ಪಟ್ಟಿಯ ಕೊನೆಯಲ್ಲಿ ನೋಟಾ ಗುಂಡಿ ಇದೆ. ಆ ಮತಗಳನ್ನೂ ಎಣಿಸುತ್ತಾರೆ. ಆದರೆ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ." 'ಹಾಕಿ' ಎಂದೂ ಇಲ್ಲ, 'ಬೇಡ' ಎಂದೂ ಇಲ್ಲ. 'ಯೋಗ್ಯರಲ್ಲ' ತೆಗೆದೆ. ಮುಕ್ತಾಯಕ್ಕೆ ಮತದಾನದ ದಿನ, ಹೊತ್ತು ಮಾತ್ರ.

ದಾರಿಹೋಕ:
"ಆದರೆ ಹೆಚ್ಚು ಮತ ಪಡೆದವರೇ" ಎಂದರೆ ನೋಟಾ ದಂಡ ಎಂದ ಹಾಗಲ್ಲವೇ? ಅದೂ ಒಂದು ವಾಲುವಿಕೆಯೇ.

ಎಣಿಕೆಮೇಜು:
'ಆದರೆ' ತೆಗೆಯಿರಿ. ಸಾಲು ಇರಲಿ, ಅದು ನಿಯಮ.

ಹಳೆಸುದ್ದಿ:
ನನಗೆ ಇನ್ನೂ ಅನುಮಾನವೇ. 90 ಸೆಕೆಂಡಿನಲ್ಲಿ ಒಂದು ಗುಂಡಿಗೆ ಮೂರು ಸಾಲು ಕೊಟ್ಟರೆ ಅದೇ ಜಾಸ್ತಿ ಕೇಳಿಸುತ್ತದೆ.