ಪದಚರ್ಚೆ: ‘ಮೂರು ವರ್ಷಗಳ ಖರೀದಿ’ ಅಂದರೆ ಯಾವುದರ ಖರೀದಿ?

ಮಲ್ಲೇಶ್ವರದಿಂದ, ಪ್ರಶ್ನೆ

ಬಳಗದವರಿಗೆಲ್ಲ ನಮಸ್ಕಾರ. ದ್ವಿತೀಯ ಪಿಯುಸಿ ಕನ್ನಡ ಮಾಧ್ಯಮದ ಮಕ್ಕಳಿಗೆ ಲೆಕ್ಕಶಾಸ್ತ್ರ ಹೇಳಿಕೊಡುತ್ತೇನೆ. ಈಗ ಪಾಲುದಾರಿಕೆ ಲೆಕ್ಕಗಳ ಉತ್ತರಪತ್ರಿಕೆ ತಿದ್ದುತ್ತಿದ್ದೇನೆ. ಅದರಲ್ಲಿ ಒಂದು ಮಾತು ಮಕ್ಕಳನ್ನು ಬಹಳ ಕಾಡಿದೆ.

ಪ್ರಶ್ನೆ ಹೀಗಿತ್ತು: ಅ, ಬ, ಕ ಎಂಬ ಪಾಲುದಾರರು 5:3:2ರಂತೆ ಲಾಭ ಹಂಚಿಕೊಳ್ಳುತ್ತಿದ್ದರು, ಇನ್ನು ಮುಂದೆ ಸಮಸಮ ಹಂಚಿಕೊಳ್ಳಲು ಒಪ್ಪಿದ್ದಾರೆ. ಹಿಂದಿನ ಐದು ವರ್ಷಗಳ ಲಾಭ ಕ್ರಮವಾಗಿ 60,000, 80,000, 70,000, 1,00,000 ಮತ್ತು 90,000 ರೂಪಾಯಿ. ಗುಡ್‌ವಿಲ್ಲನ್ನು ‘ಐದು ವರ್ಷಗಳ ಸರಾಸರಿ ಲಾಭದ ಮೂರು ವರ್ಷಗಳ ಖರೀದಿ’ಯಂತೆ ಲೆಕ್ಕ ಹಾಕಿ, ಬೇಕಾದ ಜರ್ನಲ್ ನಮೂದು ಬರೆಯಿರಿ.

ಐದು ವರ್ಷದ ಮೊತ್ತ 4,00,000, ಸರಾಸರಿ 80,000, ಅದರ ಮೂರರಷ್ಟು 2,40,000. ಹೀಗೆ ಬರಬೇಕಿತ್ತು. ಆದರೆ ಅನೇಕರು 2,60,000 ಎಂದು ಬರೆದಿದ್ದಾರೆ. ಎಲ್ಲರಿಗೂ ಒಂದೇ ತಪ್ಪು ಮೊತ್ತ ಬಂದಿರುವುದರಿಂದ ಇದು ಕೂಡಿಕಳೆಯುವ ತಪ್ಪಲ್ಲ, ಓದಿಕೊಂಡ ರೀತಿಯ ತಪ್ಪು ಅನ್ನಿಸುತ್ತದೆ. ‘ಖರೀದಿ’ ಎಂಬ ಮಾತು ಇಲ್ಲಿ ಏನು ಹೇಳುತ್ತದೆ? ಇದಕ್ಕಿಂತ ತಿಳಿಯಾದ ಕನ್ನಡ ಇದೆಯೇ?

ಚಿಕ್ಕಪೇಟೆಯಿಂದ

ಮೇಡಂ, ನಮ್ಮದು ಬಟ್ಟೆ ವ್ಯಾಪಾರ, ಅಣ್ಣತಮ್ಮಂದಿರ ಪಾಲುದಾರಿಕೆ. ಖರೀದಿ ಅಂದರೆ ವರ್ಷದಲ್ಲಿ ತರಿಸಿದ ಮಾಲು. ಮೂರು ವರ್ಷದ ಖರೀದಿ ಅಂಕಿ ಪ್ರಶ್ನೆಯಲ್ಲಿ ಕೊಟ್ಟೇ ಇಲ್ಲ, ಮಕ್ಕಳು ಹೇಗೆ ಮಾಡಬೇಕು? ಇನ್ನೊಂದು: ನಮ್ಮ ಕಡೆ ಗುಡ್‌ವಿಲ್ ಅಂದರೆ ಅಂಗಡಿ ಬಿಟ್ಟುಕೊಡುವ ಬಾಡಿಗೆದಾರನಿಗೆ ಹೊಸಬ ಕೈಗೆ ಕೊಡುವ ದುಡ್ಡು. ಕೆಲವರು ಪಗಡಿ ಅನ್ನುತ್ತಾರೆ. ಅದಕ್ಕೆ ಲಾಭದ ಸರಾಸರಿ ಯಾರೂ ನೋಡುವುದಿಲ್ಲ, ರಸ್ತೆ ನೋಡುತ್ತಾರೆ. ನಮ್ಮ ತಮ್ಮ ಈಗ ಪಾಲು ಹೆಚ್ಚು ಬೇಕು ಅನ್ನುತ್ತಿದ್ದಾನೆ. ಅವನು ನನಗೆ ಗುಡ್‌ವಿಲ್ ಕೊಡಬೇಕಾ?

ಜಯನಗರದಿಂದ

2,60,000 ಎಲ್ಲಿಂದ ಬಂತು ಎಂಬುದು ಸ್ಪಷ್ಟ. ಕೊನೆಯ ಮೂರು ವರ್ಷಗಳ ಲಾಭ ಕೂಡಿಸಿ ನೋಡಿ: 70,000, 1,00,000, 90,000. ‘ಮೂರು ವರ್ಷಗಳ’ ಎಂದು ಕಂಡದ್ದೇ ಮಕ್ಕಳು ಐದನ್ನು ಬಿಟ್ಟು ಮೂರು ವರ್ಷದ ಸರಾಸರಿ ತೆಗೆದು, ಮತ್ತೆ ಮೂರರಿಂದ ಗುಣಿಸಿದ್ದಾರೆ. ಮೂರರಿಂದ ಭಾಗಿಸಿ ಮೂರರಿಂದ ಗುಣಿಸಿದರೆ ಉಳಿಯುವುದು ಮೊತ್ತವೇ. ಹಾಗಾಗಿ ಗುಡ್‌ವಿಲ್ ಎಂದು ಬರೆದ ಅಂಕಿ ಕೊನೆಯ ಕೆಲವು ವರ್ಷಗಳ ಲಾಭದ ಮೊತ್ತಕ್ಕೆ ಸರಿಸಮ ಇದ್ದರೆ, ತಿದ್ದುವವರು ಅಲ್ಲೇ ನಿಂತು ನೋಡಬೇಕು.

ನಾನು ಮೂವತ್ತು ವರ್ಷ ಲೆಕ್ಕಪರಿಶೋಧನೆಯಲ್ಲಿದ್ದವನು, ಆಮೇಲೆ ಪಾಠಕ್ಕೆ ಬಂದೆ. ‘ಇಷ್ಟು ವರ್ಷಗಳ ಖರೀದಿ’ ಎಂಬುದು ಇಂಗ್ಲೆಂಡಿನ ಜಮೀನು ವ್ಯವಹಾರದಿಂದ ಬಂದ ಮಾತು. ಅಲ್ಲಿ ಜಮೀನಿನ ಬೆಲೆಯನ್ನು ಅದರ ವರ್ಷದ ಗೇಣಿಯ ಇಷ್ಟು ಪಟ್ಟು ಎಂದು ಹೇಳುತ್ತಿದ್ದರು. ಇಪ್ಪತ್ತು ವರ್ಷಗಳ ಖರೀದಿ ಎಂದರೆ ಇಪ್ಪತ್ತು ವರ್ಷದ ಗೇಣಿಯಷ್ಟು ಹಣವನ್ನು ಇವತ್ತೇ ಕೊಟ್ಟು ಜಮೀನು ಕೊಂಡಂತೆ. ಅಂದರೆ ಹಾಕಿದ ಹಣಕ್ಕೆ ವರ್ಷಕ್ಕೆ ನೂರಕ್ಕೆ ಐದು ಹುಟ್ಟುತ್ತದೆ.

ಗುಡ್‌ವಿಲ್‌ನಲ್ಲೂ ಕೊಳ್ಳುವುದು ಮಾಲನ್ನಲ್ಲ, ಮುಂದೆ ಬರಬಹುದಾದ ಲಾಭವನ್ನು. ಪ್ರಶ್ನೆಯ ಐದು ಹಿಂದಕ್ಕೆ ನೋಡುವ ಅಂಕಿ: ಈ ಸಂಸ್ಥೆ ವರ್ಷಕ್ಕೆ ಸುಮಾರು ಎಷ್ಟು ಗಳಿಸುತ್ತದೆ ಎಂದು ತಿಳಿಯಲು. ಮೂರು ಮುಂದಕ್ಕೆ ನೋಡುವ ಅಂಕಿ: ಹಳೆಯ ಹೆಸರಿನ ಬಲದಿಂದಲೇ ಇನ್ನೆಷ್ಟು ವರ್ಷ ಲಾಭ ಬಂದೀತು ಎಂಬ ಅಂದಾಜು. ಜಮೀನು ಉಳಿಯುತ್ತದೆ, ಹೆಸರು ಬೇಗ ಕರಗುತ್ತದೆ. ಅದಕ್ಕೇ ಇಲ್ಲಿ ಇಪ್ಪತ್ತಲ್ಲ, ಎರಡು ಮೂರು.

ಮೇಡಂ, ಪ್ರಶ್ನೆಪತ್ರಿಕೆ ಮಾಡುವಾಗ ಎರಡೂ ಅಂಕಿ ಒಂದೇ ಆಗದ ಹಾಗೆ ನೋಡಿಕೊಂಡಿದ್ದೀರಿ, ಅದು ಒಳ್ಳೆಯದಾಯಿತು. ‘ಮೂರು ವರ್ಷಗಳ ಸರಾಸರಿ, ಮೂರು ವರ್ಷಗಳ ಖರೀದಿ’ ಎಂದು ಕೊಟ್ಟಿದ್ದರೆ ತಪ್ಪು ತಿಳಿದವನಿಗೂ ಸರಿ ಉತ್ತರವೇ ಬಂದು, ಗೊಂದಲ ನಿಮಗೆ ಕಾಣುತ್ತಲೇ ಇರಲಿಲ್ಲ.

ಚಿಕ್ಕಪೇಟೆಯವರಿಗೆ: ನೀವು ಹೇಳಿದ್ದು ಅಂಗಡಿ ಜಾಗದ ಬೆಲೆ, ಇದು ವ್ಯಾಪಾರದ ಹೆಸರಿನ ಬೆಲೆ. ತಮ್ಮನ ಪಾಲು ಹೆಚ್ಚಿ ನಿಮ್ಮದು ಕಡಿಮೆಯಾದರೆ, ನೀವು ಬಿಟ್ಟುಕೊಟ್ಟ ಪಾಲಿನಷ್ಟು ಗುಡ್‌ವಿಲ್ ಕೇಳುವುದು ರೂಢಿ. ಆದರೆ ನಿಮ್ಮ ಪಾಲುದಾರಿಕೆ ಪತ್ರದಲ್ಲಿ ಏನು ಬರೆದಿದೆ ಎಂದು ಮೊದಲು ಓದಿ. 1932ರ ಪಾಲುದಾರಿಕೆ ಕಾಯಿದೆಯ 14ನೇ ಕಲಮು ಗುಡ್‌ವಿಲ್ಲನ್ನು ಸಂಸ್ಥೆಯ ಆಸ್ತಿ ಎಂದೇ ಎಣಿಸುತ್ತದೆ, ಒಪ್ಪಂದ ಬೇರೆ ಹೇಳದಿದ್ದರೆ.

ವಿಜಯನಗರದಿಂದ

ಸರ್ ಹೇಳಿದ್ದು ಒಪ್ಪಿದೆ. ಮುಂದಿನ ಹೆಜ್ಜೆಯ ಬಗ್ಗೆ ಒಂದು ಮಾತು. ಟ್ಯೂಷನ್‌ನಲ್ಲಿ ನಾನು ಹೇಳಿಕೊಡುವುದು ಹೀಗೆ: 2,40,000 ಗುಡ್‌ವಿಲ್ ಖಾತೆ ತೆರೆದು ಹಳೆಯ ಅನುಪಾತದಲ್ಲಿ ಮೂವರಿಗೂ ಜಮಾ ಮಾಡಿ, ಹೊಸ ಅನುಪಾತದಲ್ಲಿ ಖರ್ಚು ಹಾಕಿ ಖಾತೆ ಮುಚ್ಚಿಬಿಡಿ. ಅಗೆ 1,20,000 ಜಮಾ, 80,000 ಖರ್ಚು. ಬಗೆ 72,000 ಮತ್ತು 80,000. ಕಗೆ 48,000 ಮತ್ತು 80,000. ಬಿಟ್ಟುಕೊಟ್ಟ ಪಾಲು, ಗಳಿಸಿದ ಪಾಲು ಎಂಬ ತಲೆನೋವೇ ಇಲ್ಲ.

ಜಯನಗರದಿಂದ

ಅಂಕಿ ಸರಿ. ಅಗೆ ನಿವ್ವಳ 40,000 ಬಂತು, ಬ 8,000 ಕೊಟ್ಟ, ಕ 32,000 ಕೊಟ್ಟ. ಆದರೆ ನಡುವೆ ನೀವು ಪುಸ್ತಕದಲ್ಲಿ ಒಂದು ಗುಡ್‌ವಿಲ್ ಖಾತೆ ಹುಟ್ಟಿಸಿದಿರಿ. ಹಣ ಕೊಟ್ಟು ಕೊಳ್ಳದೆ ತಾನೇ ಬೆಳೆದ ಗುಡ್‌ವಿಲ್ಲನ್ನು ಪುಸ್ತಕದಲ್ಲಿ ಆಸ್ತಿಯಾಗಿ ತೋರಿಸಬಾರದು ಎಂದು ಲೆಕ್ಕಪತ್ರ ಮಾನದಂಡ 26 ಹೇಳುತ್ತದೆ. ಆದ್ದರಿಂದ ನೇರವಾಗಿ ಬಂಡವಾಳ ಖಾತೆಗಳ ನಡುವೆಯೇ ಮುಗಿಸುವುದು ಸರಿ. ಹಳೆಯ ಪಾಲು 30ರಲ್ಲಿ 15, 9, 6. ಹೊಸದು ತಲಾ 10. ಅ 5 ಬಿಟ್ಟ, ಬ 1 ಗಳಿಸಿದ, ಕ 4 ಗಳಿಸಿದ. ಬ, ಕ ಬಂಡವಾಳ ಖಾತೆಗಳಿಗೆ ಖರ್ಚು, ಅನ ಬಂಡವಾಳ ಖಾತೆಗೆ ಜಮಾ. ಒಂದೇ ನಮೂದು.

ವಿಜಯನಗರದಿಂದ

ಖಾತೆ ತೆರೆದ ಹೊತ್ತಿಗೇ ಮುಚ್ಚುತ್ತೇನೆ, ಆಸ್ತಿ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ಹಾಗಿರುವಾಗ ಮಾನದಂಡಕ್ಕೆ ಏನು ಭಂಗ ಎಂದು ನನಗೆ ಇನ್ನೂ ಹೊಳೆದಿಲ್ಲ. ಮಗು ಹಾಗೆ ಬರೆದರೆ ನಾನಂತೂ ಅಂಕ ಕಡಿಯುವುದಿಲ್ಲ.

ಮಲ್ಲೇಶ್ವರದಿಂದ

ಎಲ್ಲರಿಗೂ ಧನ್ಯವಾದ. ಇನ್ನೊಂದು ಪದವನ್ನೂ ಇದೇ ನೆಪದಲ್ಲಿ ಕೇಳುತ್ತೇನೆ. ಕೆಲವು ಟಿಪ್ಪಣಿಗಳಲ್ಲಿ ಪಾಲುದಾರ ಹೆಚ್ಚಿಸಿಕೊಂಡ ಪಾಲಿಗೆ ‘ಲಾಭದ ಅನುಪಾತ’ ಎಂದಿದೆ. ‘ಲಾಭ ಹಂಚಿಕೆಯ ಅನುಪಾತ’ಕ್ಕೂ ಇದಕ್ಕೂ ನಡುವೆ ಒಂದೇ ಪದದ ಅಂತರ. ಒಬ್ಬ ಹುಡುಗ 2,40,000ವನ್ನು ಸಮಸಮವಾಗಿ ಮೂವರಿಗೂ ಖರ್ಚು ಹಾಕಿ, ಅಗೂ 80,000 ಹೊರಿಸಿದ್ದಾನೆ, ಜಮಾ ಬದಿ ಖಾಲಿ ಬಿಟ್ಟಿದ್ದಾನೆ. ಪಾಲು ಕಳೆದುಕೊಂಡವನೇ ದುಡ್ಡೂ ಕೊಟ್ಟಂತಾಯಿತು. ‘ಗಳಿಕೆಯ ಅನುಪಾತ’ ಎಂದು ಹೇಳಿಕೊಟ್ಟ ತರಗತಿಯಲ್ಲಿ ಈ ತಪ್ಪು ಕಂಡಿಲ್ಲ, ಅದನ್ನೇ ಉಳಿಸಿಕೊಳ್ಳುತ್ತೇನೆ.

‘ಖರೀದಿ’ಯ ಬದಲು ‘ಐದು ವರ್ಷಗಳ ಸರಾಸರಿ ಲಾಭದ ಮೂರು ಪಟ್ಟು’ ಎಂದು ಬರೆದರೆ ಹೇಗೆ?

ಧಾರವಾಡದಿಂದ ಬಂದು ಯಲಹಂಕದಲ್ಲಿರುವವರು

ಪಟ್ಟು ಅಂದ್ರ ಲೆಕ್ಕ ತಪ್ಪೂದಿಲ್ಲ, ಖರೆ. ಆದ್ರ ಮೂರು ಯಾಕ ಅನ್ನೋ ಅರ್ಥ ಹೋಗಿಬಿಡತದ. ವರ್ಷ ಅನ್ನೋ ಮಾತು ಇರಬೇಕ್ರಿ. ‘ಮುಂದಿನ ಮೂರು ವರ್ಷಗಳ ಲಾಭಕ್ಕೆ ಕೊಡುವ ಬೆಲೆ’ ಅಂತ ಯಾಕ ಬರೀಬಾರದು?

ಮಲ್ಲೇಶ್ವರದಿಂದ

ಅರ್ಥಕ್ಕೆ ನಿಮ್ಮದೇ ಚೆನ್ನಾಗಿದೆ. ಆದರೆ ವಾರ್ಷಿಕ ಪರೀಕ್ಷೆಯಲ್ಲಿ ಮಕ್ಕಳ ಕಣ್ಣಿಗೆ ಬೀಳುವುದು ‘ಖರೀದಿ’ಯೇ ಆದರೆ, ಆ ಮಾತನ್ನು ನಾನು ತರಗತಿಯಿಂದ ತೆಗೆದುಹಾಕುವಂತಿಲ್ಲ. ಸದ್ಯಕ್ಕೆ ಎರಡನ್ನೂ ಜೊತೆಯಾಗಿ ಬರೆಸುತ್ತೇನೆ.

ಉಳಿದದ್ದು ಅಂಕದ ಮಾತು. 2,60,000 ಹಿಡಿದುಕೊಂಡೇ ಮುಂದೆ ಅಗೆ 43,333 ಜಮಾ, ಬಗೆ 8,667, ಕಗೆ 34,667 ಖರ್ಚು ಎಂದು ಬರೆದವರಿದ್ದಾರೆ. ಪೈಸೆ ಬಿಟ್ಟದ್ದರಿಂದ ಎರಡು ಬದಿಗೂ ಒಂದು ರೂಪಾಯಿ ವ್ಯತ್ಯಾಸ ಇದೆ, ಅನುಪಾತ ಮಾತ್ರ ಪೂರ್ತಿ ಸರಿ. ನಮೂದಿನ ಅಂಕ ಪೂರ್ತಿ ಕೊಡಬೇಕು ಎಂಬುದು ನನ್ನ ನಿಲುವು, ಸಹೋದ್ಯೋಗಿ ಒಬ್ಬರು ಒಪ್ಪುತ್ತಿಲ್ಲ. ತಿದ್ದಿ ಅನುಭವ ಇರುವವರು ಹೇಳಿ.